‘ವರ್ಷಕ್ಕೆ 24 ಪರ್ಸೆಂಟ್ ಬರುತ್ತೆ’ ಅಂದ್ರಾ? ಎಲ್ಲಿಂದ ಬರುತ್ತೆ ಅಂತಲೂ ಕೇಳಿ

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೆಲಸದಲ್ಲಿರುವವರಿಗೆ ಊರಿಂದ ಆಗಾಗ ಇಂಥದ್ದೊಂದು ಫೋನ್ ಬರುತ್ತದೆ. “ಬ್ಯಾಂಕಲ್ಲಿ ಇಟ್ರೆ ಏಳು ಪರ್ಸೆಂಟ್ ಬರ್ತದೆ. ನಮ್ ವ್ಯವಹಾರಕ್ಕೆ ಹಾಕು, ಹಾಕಿದ ದುಡ್ಡಿಗೆ ವರ್ಷಕ್ಕೆ 24 ಪರ್ಸೆಂಟ್ ಲಾಭ ಐತಿ, ಬೇಕಾದ್ರೆ ಲೆಕ್ಕ ತೋರಿಸ್ತೀನಿ.” ಮಾವ ಹೇಳುವುದು ಸುಳ್ಳಲ್ಲ. ಲೆಕ್ಕದ ಪುಸ್ತಕದಲ್ಲಿ 24 ಪರ್ಸೆಂಟ್ ಇದ್ದೇ ಇರುತ್ತದೆ. ಆದರೂ ಆ ಒಂದೇ ಸಂಖ್ಯೆ ನೋಡಿ ದುಡ್ಡು ಹಾಕುವುದು, ಹೊರಗಿನ ಬಣ್ಣ ನೋಡಿ ಮನೆ ಕೊಂಡ ಹಾಗೆ.

ಷೇರು ಆ್ಯಪ್‌ಗಳಲ್ಲಿ ಕಂಪನಿಯ ಹೆಸರಿನ ಕೆಳಗೆ ROE ಅಂತ ಕಾಣುವುದೂ ಇದೇ ಸಂಖ್ಯೆ. ಪೂರ್ತಿ ಹೆಸರು ರಿಟರ್ನ್ ಆನ್ ಈಕ್ವಿಟಿ. ಮಾಲೀಕರ ಸ್ವಂತ ದುಡ್ಡಿಗೆ ವರ್ಷಕ್ಕೆ ಎಷ್ಟು ನಿವ್ವಳ ಲಾಭ ಬಂತು ಎಂಬ ಲೆಕ್ಕ ಅಷ್ಟೇ. ಹತ್ತು ಲಕ್ಷ ಹಾಕಿ 2.4 ಲಕ್ಷ ಉಳಿದರೆ 24 ಪರ್ಸೆಂಟ್.

ಈ ಸಂಖ್ಯೆಯನ್ನು ಮೂರು ತುಂಡು ಮಾಡಿ ನೋಡುವ ವಿಧಾನ ಒಂದಿದೆ. ಹೆಸರು ಡುಪಾಂಟ್. ಅದನ್ನು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಇರಬಹುದಾದ ನಾಲ್ಕು ವ್ಯವಹಾರಗಳ ಮೇಲೆ ಪ್ರಯೋಗ ಮಾಡೋಣ. ಚನ್ನಗಿರಿ ಅಡಿಕೆ ಸೀಮೆ, ಹೊನ್ನಾಳಿ ಮತ್ತು ನ್ಯಾಮತಿ ಭತ್ತ, ಮೆಕ್ಕೆಜೋಳದ ಕಡೆ, ಜಗಳೂರು ಮಳೆ ನಂಬಿದ ಒಣ ಭೂಮಿ. ವ್ಯವಹಾರಗಳೂ ಅಂಕಿಗಳೂ ಉದಾಹರಣೆಗಾಗಿ ಹಿಡಿದವು. ಸುಲಭವಾಗಲಿ ಅಂತ ತೆರಿಗೆ ಬಿಟ್ಟಿದ್ದೇನೆ, ನಾಲ್ವರ ಸ್ವಂತ ಬಂಡವಾಳವೂ 10 ಲಕ್ಷ ಅಂತ ಇಟ್ಟಿದ್ದೇನೆ. ನಾಲ್ವರ ಲಾಭವೂ 2.4 ಲಕ್ಷ.

ಮೂರು ಪ್ರಶ್ನೆ, ಒಂದು ಗುಣಾಕಾರ

1910ರ ದಶಕದಲ್ಲಿ ಅಮೆರಿಕದ ಡುಪಾಂಟ್ ಸಿಡಿಮದ್ದು ತಯಾರಿಸುವ ದೊಡ್ಡ ಕಂಪನಿ. ಅಲ್ಲಿ ಹಣಕಾಸು ವಿಭಾಗದಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಹಾಕಿದ ಬಂಡವಾಳಕ್ಕೆ ಬರುವ ಲಾಭವನ್ನು ಅವರು ಎರಡು ಭಾಗ ಮಾಡಿದರು: ಮಾರಾಟದಲ್ಲಿ ಎಷ್ಟು ಉಳಿಯುತ್ತೆ, ಬಂಡವಾಳ ವರ್ಷಕ್ಕೆ ಎಷ್ಟು ಸಲ ತಿರುಗುತ್ತೆ. ಮುಂದೆ ಡುಪಾಂಟ್ ಜನರಲ್ ಮೋಟರ್ಸ್‌ನಲ್ಲಿ ದೊಡ್ಡ ಪಾಲು ಕೊಂಡಾಗ ಬ್ರೌನ್ ಅಲ್ಲಿಗೆ ಹೋದರು, ಲೆಕ್ಕವೂ ಜೊತೆಗೆ ಹೋಯಿತು. ಸಾಲದ ಭಾಗ ಮೂರನೆಯದಾಗಿ ಸೇರಿದ್ದು ಎಷ್ಟೋ ವರ್ಷದ ಮೇಲೆ. ಈಗ ಬಳಸುವ ರೂಪ ಇದು:

ROE = (ಲಾಭ ÷ ಮಾರಾಟ) × (ಮಾರಾಟ ÷ ಒಟ್ಟು ಆಸ್ತಿ) × (ಒಟ್ಟು ಆಸ್ತಿ ÷ ಸ್ವಂತ ಬಂಡವಾಳ)

ಮೊದಲನೆಯದು ಮಾರ್ಜಿನ್. ನೂರು ರೂಪಾಯಿ ವ್ಯಾಪಾರದಲ್ಲಿ ಎಲ್ಲ ಖರ್ಚು ಕಳೆದು ಕೈಗೆಷ್ಟು ಉಳಿಯಿತು ಎಂಬುದು.

ಎರಡನೆಯದು ಆಸ್ತಿ ಟರ್ನೋವರ್. ಅಂಗಡಿ, ಸರಕು, ಯಂತ್ರ, ಉದ್ರಿ ಬಾಕಿ, ಗಲ್ಲಾಪೆಟ್ಟಿಗೆ ಎಲ್ಲ ಸೇರಿ ವ್ಯವಹಾರದಲ್ಲಿ ಸಿಕ್ಕಿಕೊಂಡ ದುಡ್ಡು ವರ್ಷಕ್ಕೆ ಎಷ್ಟು ಪಟ್ಟು ವ್ಯಾಪಾರ ಮಾಡಿತು ಎಂಬುದು.

ಮೂರನೆಯದು ಲಿವರೇಜ್. ಸ್ವಂತ ಒಂದು ರೂಪಾಯಿಯ ಮೇಲೆ ಒಟ್ಟು ಎಷ್ಟು ರೂಪಾಯಿಯ ಆಸ್ತಿ ನಿಂತಿದೆ ಎಂಬುದು. 1 ಅಂದರೆ ಬೇರೆಯವರ ದುಡ್ಡೇ ಇಲ್ಲ. 3 ಅಂದರೆ ಮೂರರಲ್ಲಿ ಎರಡು ಪಾಲು ಬೇರೆಯವರದ್ದು.

ಗುಣಿಸಿದಾಗ ಮಾರಾಟವೂ ಆಸ್ತಿಯೂ ಮೇಲೆ ಕೆಳಗೆ ಹೊಡೆದುಹೋಗಿ ‘ಲಾಭ ÷ ಸ್ವಂತ ಬಂಡವಾಳ’ವೇ ಉಳಿಯುತ್ತದೆ. ಹಾಗಾಗಿ ಉತ್ತರ ಹೊಸದಲ್ಲ. ಆ ಉತ್ತರಕ್ಕೆ ಯಾವ ದಾರಿಯಲ್ಲಿ ಬಂದರು ಅನ್ನೋದು ಗೊತ್ತಾಗುತ್ತದೆ.

ಚನ್ನಗಿರಿ: ಒಂದೇ ಸಲ, ಆದರೆ ದಪ್ಪ ಮಾರ್ಜಿನ್

ಮೊದಲನೆಯವರು ಅಡಿಕೆ ಖೇಣಿದಾರರು. ಕೆಲವು ಕಡೆ ಚೇಣಿ ಅಂತಾರೆ. ತೋಟದ ಫಸಲನ್ನು ಮೊದಲೇ ಮಾತಾಡಿ ಹಿಡಿದು, ಹಸಿ ಅಡಿಕೆ ಕೊಯ್ಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಕೆಲಸ. ಸ್ವಂತ 10 ಲಕ್ಷದ ಜೊತೆ 5 ಲಕ್ಷ ಸಾಲ, ಒಟ್ಟು 15 ಲಕ್ಷ ತೊಡಗಿಸಿದ್ದಾರೆ. ವರ್ಷದ ಮಾರಾಟವೂ 15 ಲಕ್ಷ, ಉಳಿದದ್ದು 2.4 ಲಕ್ಷ.

ಮಾರ್ಜಿನ್ 16 ಪರ್ಸೆಂಟ್ × ಟರ್ನೋವರ್ 1 × ಲಿವರೇಜ್ 1.5 = 24 ಪರ್ಸೆಂಟ್.

ಇಲ್ಲಿ ದುಡ್ಡು ವರ್ಷಕ್ಕೆ ಒಂದೇ ಸುತ್ತು ಹೊಡೆಯುತ್ತದೆ. ಎಲ್ಲ ಭಾರವೂ ಮಾರ್ಜಿನ್ ಮೇಲೆ, ಅಂದರೆ ಮಾರುವ ದಿನದ ರೇಟಿನ ಮೇಲೆ. ತೋಟದವರಿಗೆ ಕೊಟ್ಟ ದುಡ್ಡು, ಕೂಲಿ ಎಲ್ಲ ಆಗಲೇ ಖರ್ಚಾಗಿದೆ. ಧಾರಣೆ 10 ಪರ್ಸೆಂಟ್ ಇಳಿದರೆ ಮಾರಾಟ 13.5 ಲಕ್ಷ, ಲಾಭ 90 ಸಾವಿರ. 24 ಇದ್ದದ್ದು 9ಕ್ಕೆ ಬರುತ್ತದೆ. ತಪ್ಪು ತಿದ್ದಿಕೊಳ್ಳಲು ವರ್ಷದೊಳಗೆ ಎರಡನೇ ಸುತ್ತು ಇಲ್ಲ.

ಹೊನ್ನಾಳಿ: ನಾಲ್ಕೇ ರೂಪಾಯಿ, ಆದರೆ ನಾಲ್ಕು ಸಲ

ಎರಡನೆಯದು ಗಂಡ ಹೆಂಡತಿ ಸೇರಿ ನಡೆಸುವ ಕಿರಾಣಿ ಅಂಗಡಿ. ಇಲ್ಲೂ ಒಟ್ಟು ಆಸ್ತಿ 15 ಲಕ್ಷ. ಆದರೆ ಅಕ್ಕಿ, ಬೇಳೆ, ಎಣ್ಣೆ, ಸೋಪು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ವರ್ಷದ ವ್ಯಾಪಾರ 60 ಲಕ್ಷ. ಲಾಭ ಅದೇ 2.4 ಲಕ್ಷ.

ಮಾರ್ಜಿನ್ 4 × ಟರ್ನೋವರ್ 4 × ಲಿವರೇಜ್ 1.5 = 24 ಪರ್ಸೆಂಟ್.

ನೂರು ರೂಪಾಯಿ ವ್ಯಾಪಾರಕ್ಕೆ ನಾಲ್ಕೇ ರೂಪಾಯಿ. ಆದರೆ ಅದೇ ದುಡ್ಡು ನಾಲ್ಕು ಸುತ್ತು ಹೊಡೆಯುತ್ತೆ. ಒಂದು ಸರಕಿನ ರೇಟು ಬಿದ್ದರೆ ಮುಂದಿನ ಖರೀದಿಯಲ್ಲಿ ಸರಿಹೋಗುತ್ತದೆ. ಇಲ್ಲಿ ಭಯ ಬೇರೆ. ಪಕ್ಕದಲ್ಲಿ ಇನ್ನೊಂದು ಅಂಗಡಿ ಬಂದು ನೂರಕ್ಕೆ ಒಂದು ರೂಪಾಯಿ ಬಿಟ್ಟುಕೊಡಬೇಕಾಗಿ ಬಂದರೆ ಮಾರ್ಜಿನ್ 3ಕ್ಕೆ ಇಳಿಯುತ್ತೆ, ಆರ್‌ಒಇ 18ಕ್ಕೆ. ಸರಕು ಓಡದೆ ಕಪಾಟಿನಲ್ಲೇ ಕೂತರೂ ಅದೇ ಕಥೆ, ಟರ್ನೋವರ್ ಕುಸಿಯುತ್ತೆ.

ಇಂಥ ಅಂಗಡಿಯ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿರುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲುವ ಇಬ್ಬರ ಸಂಬಳ ಪುಸ್ತಕದಲ್ಲಿ ಇರುವುದೇ ಇಲ್ಲ. ತಲೆಗೆ ತಿಂಗಳಿಗೆ 10 ಸಾವಿರ ಅಂತ ಬರೆದರೂ ವರ್ಷಕ್ಕೆ 2.4 ಲಕ್ಷ. ಅಲ್ಲಿಗೆ ಲಾಭ ಸೊನ್ನೆ, ಆರ್‌ಒಇ ಕೂಡ ಸೊನ್ನೆ! ಆ 24 ಪರ್ಸೆಂಟ್ ದುಡ್ಡು ದುಡಿದದ್ದಲ್ಲ, ಅವರಿಬ್ಬರು ದುಡಿದದ್ದು. ಹೊರಗಿನಿಂದ ದುಡ್ಡು ಹಾಕುವವರು ಕೆಲಸ ಮಾಡುವುದಿಲ್ಲವಲ್ಲ, ಅವರ ಪಾಲಿಗೆ ಉಳಿಯುವುದೇನು ಅಂತ ನೋಡುವಾಗ ಮನೆಯವರ ಸಂಬಳವನ್ನು ಮೊದಲು ಕಳೆಯಲೇಬೇಕು. ಕಂಪನಿಗಳಲ್ಲಿ ಈ ತೊಡಕು ಕಡಿಮೆ, ಅಲ್ಲಿ ಸಂಬಳ ಖರ್ಚಿನಲ್ಲೇ ಬರುತ್ತದೆ.

ನ್ಯಾಮತಿ: ಸಾಲದ ಮೇಲೆ ನಿಂತ ಯಂತ್ರ

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಮೂರನೆಯವರಿದ್ದಾರೆ. ಭತ್ತ ಕೊಯ್ಯುವ ಹಾರ್ವೆಸ್ಟರ್ ತಂದು ಬಾಡಿಗೆಗೆ ಓಡಿಸುತ್ತಾರೆ. ಯಂತ್ರಕ್ಕೆ 30 ಲಕ್ಷ ಅಂತ ಹಿಡಿಯೋಣ. ಕೈಯಿಂದ 10 ಲಕ್ಷ, ಉಳಿದ 20 ಲಕ್ಷ 10 ಪರ್ಸೆಂಟ್ ಬಡ್ಡಿಯ ಸಾಲ. ಗಂಟೆಗೆ 2,500 ರೂಪಾಯಿಯಂತೆ ವರ್ಷಕ್ಕೆ 480 ಗಂಟೆ ಓಡಿದರೆ ಬಾಡಿಗೆ 12 ಲಕ್ಷ. ಡೀಸೆಲ್, ಡ್ರೈವರ್, ರಿಪೇರಿಗೆ 4.6 ಲಕ್ಷ, ಯಂತ್ರದ ಸವಕಳಿ 3 ಲಕ್ಷ, ಬಡ್ಡಿ 2 ಲಕ್ಷ ಕಳೆದರೆ 2.4 ಲಕ್ಷ ಉಳಿಯುತ್ತದೆ.

ಮಾರ್ಜಿನ್ 20 × ಟರ್ನೋವರ್ 0.4 × ಲಿವರೇಜ್ 3 = 24 ಪರ್ಸೆಂಟ್.

ಮಾರ್ಜಿನ್ ನಾಲ್ವರಲ್ಲೇ ಹೆಚ್ಚು. ಆದರೆ ಯಂತ್ರ ವರ್ಷದಲ್ಲಿ ಬಹಳ ದಿನ ಶೆಡ್ಡಿನಲ್ಲೇ ನಿಂತಿರುವುದರಿಂದ 30 ಲಕ್ಷದ ಆಸ್ತಿ 12 ಲಕ್ಷವನ್ನಷ್ಟೇ ತರುತ್ತದೆ. ಮೊದಲೆರಡು ತುಂಡು ಗುಣಿಸಿದರೆ ಬರುವುದು 8 ಪರ್ಸೆಂಟ್. ಅದನ್ನು 24 ಮಾಡಿದ್ದು ಸಾಲದ ಆ ಮೂರು ಪಟ್ಟು.

ಈಗ ನಾಲೆ ನೀರು ಕಡಿಮೆಯಾಗಿ ಭತ್ತ ಹಾಕುವುದು ಕಡಿಮೆಯಾಯಿತು ಅನ್ನಿ. ಬಾಡಿಗೆ ಐದರಲ್ಲಿ ಒಂದು ಪಾಲು ಇಳಿದು 9.6 ಲಕ್ಷ ಆಯಿತು. ಡೀಸೆಲ್ ಖರ್ಚೂ ಇಳಿದು 4.6 ಇದ್ದದ್ದು 3.8 ಲಕ್ಷಕ್ಕೆ ಬಂತು. ಆದರೆ ಸವಕಳಿ 3 ಲಕ್ಷ ಹಾಗೇ ಇದೆ, ಬಡ್ಡಿ 2 ಲಕ್ಷವೂ ಹಾಗೇ ಇದೆ. ಮಳೆ ಆಗಲಿಲ್ಲ ಅಂತ ಬ್ಯಾಂಕು ಕಂತು ಮುಂದೂಡಬಹುದು, ಬಡ್ಡಿ ಓಡುತ್ತಲೇ ಇರುತ್ತದೆ. ಉಳಿಯುವುದು 80 ಸಾವಿರ. ಆದಾಯ ಐದರಲ್ಲಿ ಒಂದು ಪಾಲು ಇಳಿದರೆ ಲಾಭ ಮೂರರಲ್ಲಿ ಎರಡು ಪಾಲು ಹೋಯಿತು. ಆರ್‌ಒಇ 24ರಿಂದ 8ಕ್ಕೆ.

ಸಾಲ ಕೆಟ್ಟದ್ದು ಅಂತಲ್ಲ. ಸಾಲವಿಲ್ಲದೆ ಈ ಯಂತ್ರವೇ ಬರುತ್ತಿರಲಿಲ್ಲ. ಇಲ್ಲಿ ನೋಡಬೇಕಾದ್ದು ಒಂದೇ: ಬಡ್ಡಿ ಕಟ್ಟುವ ಮೊದಲಿನ ಲಾಭ 4.4 ಲಕ್ಷ, ಅದನ್ನು 30 ಲಕ್ಷಕ್ಕೆ ಹೋಲಿಸಿದರೆ ಸುಮಾರು 14.7 ಪರ್ಸೆಂಟ್. ಸಾಲದ ಬಡ್ಡಿ 10. ದುಡಿಮೆ ಬಡ್ಡಿಗಿಂತ ಮೇಲಿರುವವರೆಗೆ ಸಾಲ ಮಾಲೀಕರ ಲಾಭವನ್ನು ಹಿಗ್ಗಿಸುತ್ತದೆ. ಕೆಟ್ಟ ವರ್ಷದಲ್ಲಿ ಬಡ್ಡಿಗೆ ಮೊದಲಿನ ಲಾಭ 2.8 ಲಕ್ಷಕ್ಕೆ, ಅಂದರೆ 9.3 ಪರ್ಸೆಂಟಿಗೆ ಇಳಿಯಿತು. ಈಗ ಅದೇ ಸಾಲ ತಿನ್ನುವುದಕ್ಕೆ ಶುರುಮಾಡಿತು.

ಜಗಳೂರು: ಸಂಖ್ಯೆ ಕದಲದೆ ಅಂಗಡಿ ಸೋತದ್ದು

ಮೇಲಿನ ಮೂವರದ್ದು ಒಂದು ವರ್ಷದ ಫೋಟೊ. ಡುಪಾಂಟ್ ಲೆಕ್ಕಕ್ಕೆ ನಿಜವಾದ ಕೆಲಸ ಬರುವುದು ಒಂದೇ ವ್ಯವಹಾರವನ್ನು ಮೂರ್ನಾಲ್ಕು ವರ್ಷ ಸಾಲಾಗಿ ಇಟ್ಟು ನೋಡುವಾಗ. ಜಗಳೂರಿನ ಬೀಜ ಗೊಬ್ಬರದ ಅಂಗಡಿಯನ್ನು ಹಾಗೆ ನೋಡೋಣ. ಮಾಲೀಕರು ವರ್ಷದ ಲಾಭವನ್ನೆಲ್ಲ ಮನೆ ಖರ್ಚಿಗೆ ತೆಗೆಯುತ್ತಾರೆ, ಹಾಗಾಗಿ ಸ್ವಂತ ಬಂಡವಾಳ 10 ಲಕ್ಷದಲ್ಲೇ ಇದೆ.

ಮೊದಲ ವರ್ಷ: ಮಾರಾಟ 48 ಲಕ್ಷ, ಆಸ್ತಿ 15 ಲಕ್ಷ. ಮಾರ್ಜಿನ್ 5 × ಟರ್ನೋವರ್ 3.2 × ಲಿವರೇಜ್ 1.5 = 24.

ಎರಡನೇ ವರ್ಷ: ಮಾರಾಟ 60 ಲಕ್ಷ, ಆಸ್ತಿ 20 ಲಕ್ಷ. ಮಾರ್ಜಿನ್ 4 × ಟರ್ನೋವರ್ 3 × ಲಿವರೇಜ್ 2 = 24.

ಮೂರನೇ ವರ್ಷ: ಮಾರಾಟ 60 ಲಕ್ಷ, ಆಸ್ತಿ 30 ಲಕ್ಷ. ಮಾರ್ಜಿನ್ 4 × ಟರ್ನೋವರ್ 2 × ಲಿವರೇಜ್ 3 = 24.

ಆರ್‌ಒಇ ಮಾತ್ರ ನೋಡಿದವರಿಗೆ ಇದು ಕಲ್ಲಿನಂಥ ಅಂಗಡಿ. ಮೂರು ವರ್ಷವೂ 24. ಒಳಗೆ ಆದದ್ದೇ ಬೇರೆ. ಎರಡನೇ ವರ್ಷ ಮಾರಾಟ ಹೆಚ್ಚಿಸಲು ರೇಟು ಇಳಿಸಿದರು, ಮಾರ್ಜಿನ್ ಕರಗಿತು. ಮೂರನೇ ವರ್ಷ ಮಾರಾಟ ಒಂದು ರೂಪಾಯಿಯೂ ಹೆಚ್ಚಲಿಲ್ಲ, ಆದರೆ ಆಸ್ತಿ 10 ಲಕ್ಷ ಬೆಳೆಯಿತು.

ಆ 10 ಲಕ್ಷ ಏನು? ಹೊಸ ಗೋದಾಮಲ್ಲ, ಹೊಸ ಸರಕೂ ಅಲ್ಲ. ರೈತರಿಗೆ ಕೊಟ್ಟ ಉದ್ರಿ. ಮೊದಲ ವರ್ಷದ ಕೊನೆಗೆ ಉದ್ರಿ ಬಾಕಿ 4 ಲಕ್ಷ ಇತ್ತು, ಎರಡನೇ ವರ್ಷ 8 ಲಕ್ಷ, ಮೂರನೇ ವರ್ಷ 18 ಲಕ್ಷ. ಲೆಕ್ಕದಲ್ಲಿ ಉದ್ರಿಯೂ ಆಸ್ತಿಯೇ, ಉದ್ರಿಯಲ್ಲಿ ಕೊಟ್ಟದ್ದೂ ಮಾರಾಟವೇ, ಅದರ ಮೇಲಿನ ಲಾಭವೂ ಲಾಭವೇ. ದುಡ್ಡು ಮಾತ್ರ ಕೈಗೆ ಬಂದಿರುವುದಿಲ್ಲ. ಅಷ್ಟು ದಿನ ಅಂಗಡಿ ನಡೆದದ್ದು ಗೊಬ್ಬರದ ಸಗಟು ವ್ಯಾಪಾರಿಗೆ ದುಡ್ಡು ಕೊಡುವುದನ್ನು ತಡಮಾಡಿ. ಬ್ಯಾಂಕ್ ಸಾಲ ಇಲ್ಲದಿದ್ದರೂ ಲಿವರೇಜ್ 1.5ರಿಂದ 3ಕ್ಕೆ ಏರಿದ್ದು ಹೀಗೆ. ಸಗಟು ವ್ಯಾಪಾರಿಯ ಬಾಕಿಯೂ ಬೇರೆಯವರ ದುಡ್ಡೇ ತಾನೆ?

ಇದನ್ನು ಪತ್ತೆ ಮಾಡಲು ಸುಲಭದ ಲೆಕ್ಕ ಒಂದಿದೆ. ಉದ್ರಿ ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಮೊದಲ ವರ್ಷ ಸುಮಾರು 30 ದಿನ, ಮೂರನೇ ವರ್ಷ ಸುಮಾರು 110 ದಿನ. ತಿಂಗಳಿಗೆ ವಸೂಲಾಗುತ್ತಿದ್ದ ದುಡ್ಡು ಈಗ ಮೂರೂವರೆ ತಿಂಗಳು ತೆಗೆದುಕೊಳ್ಳುತ್ತಿದೆ. ಟರ್ನೋವರ್ ಇಳಿಯಿತು ಅಂತ ಡುಪಾಂಟ್ ತೋರಿಸಿದ ಕೂಡಲೇ ಕೇಳಬೇಕಾದ ಪ್ರಶ್ನೆ ಇದೇ: ಆಸ್ತಿಯಲ್ಲಿ ಯಾವುದು ಊದಿಕೊಂಡಿತು, ಸರಕೋ, ಉದ್ರಿಯೋ, ಯಂತ್ರವೋ?

ನಾಲ್ಕನೇ ವರ್ಷ ಮಳೆ ಕೈಕೊಟ್ಟಿತು ಅನ್ನಿ. ಬೆಳೆ ಇಲ್ಲದ ರೈತ ಎಲ್ಲಿಂದ ಕೊಟ್ಟಾನು? 18 ಲಕ್ಷದಲ್ಲಿ ಐದರಲ್ಲಿ ಒಂದು ಪಾಲು, 3.6 ಲಕ್ಷ, ಬರುವುದಿಲ್ಲ ಅಂತ ಬರೆದುಹಾಕಬೇಕಾಯಿತು. ಉಳಿದ ವ್ಯಾಪಾರದಲ್ಲಿ ಎಂದಿನಂತೆ 2.4 ಲಕ್ಷ ಬಂದಿದ್ದರೂ ಕೊನೆಗೆ 1.2 ಲಕ್ಷ ನಷ್ಟ. ಸ್ವಂತ ಬಂಡವಾಳ 10ರಿಂದ 8.8 ಲಕ್ಷಕ್ಕೆ ಇಳಿಯಿತು. ಆ ವರ್ಷ ಮನೆ ಖರ್ಚಿಗೆ ತೆಗೆದಿದ್ದರೆ ಇನ್ನೂ ಕೆಳಗೆ.

ಮುಂದಿನದ್ದು ಇನ್ನೂ ಮೋಸ. ಐದನೇ ವರ್ಷ ಮಳೆ ಚೆನ್ನಾಗಿ ಆಗಿ 2.1 ಲಕ್ಷ ಲಾಭ ಬಂತು ಅನ್ನಿ. ಹಿಂದಿನ 2.4ಕ್ಕಿಂತ ಕಡಿಮೆಯೇ. ಆದರೆ 2.1 ಲಕ್ಷವನ್ನು 8.8 ಲಕ್ಷದಿಂದ ಭಾಗಿಸಿ ನೋಡಿ, ಮತ್ತೆ ಸುಮಾರು 24 ಪರ್ಸೆಂಟ್! ಲಾಭ ಇಳಿದಿದೆ, ಬಂಡವಾಳ ನಷ್ಟದಲ್ಲಿ ಕರಗಿದೆ, ಆದರೂ ಆರ್‌ಒಇ ಹಳೆಯ ಜಾಗಕ್ಕೆ ಬಂದು ಕೂತಿದೆ. ಕೆಳಗಿನ ಸಂಖ್ಯೆ ಸಣ್ಣದಾದರೆ ಉತ್ತರ ದೊಡ್ಡದಾಗುತ್ತದೆ, ಅಷ್ಟೇ. ನಷ್ಟದ ವರ್ಷದ ನಂತರ ಆರ್‌ಒಇ ‘ಚೇತರಿಸಿಕೊಂಡಿದೆ’ ಅಂತ ಯಾರಾದರೂ ಹೇಳಿದರೆ, ಸ್ವಂತ ಬಂಡವಾಳ ಹಳೆಯ ಮಟ್ಟಕ್ಕೆ ಬಂದಿದೆಯಾ ಅಂತ ಮೊದಲು ನೋಡಿ.

ಮೊಬೈಲಿನಲ್ಲಿ ಕಾಣುವ ಕಂಪನಿಗೂ ಇದೇ ಲೆಕ್ಕ

ಇನ್ಫೊಸಿಸ್‌ನ 2023-24ರ ಲೆಕ್ಕ ತೆಗೆದುಕೊಳ್ಳಿ. ಆದಾಯ ಸುಮಾರು 1.54 ಲಕ್ಷ ಕೋಟಿ, ನಿವ್ವಳ ಲಾಭ ಸುಮಾರು 26,200 ಕೋಟಿ, ಒಟ್ಟು ಆಸ್ತಿ ಸುಮಾರು 1.38 ಲಕ್ಷ ಕೋಟಿ, ಷೇರುದಾರರ ಬಂಡವಾಳ ಸುಮಾರು 88,000 ಕೋಟಿ ರೂಪಾಯಿ. ಮಾರ್ಜಿನ್ 17.1, ಟರ್ನೋವರ್ 1.12, ಲಿವರೇಜ್ 1.56. ಗುಣಿಸಿದರೆ 30ರ ಹತ್ತಿರ. ಬಹುಪಾಲು ಮಾರ್ಜಿನ್ ದುಡಿದದ್ದು, ಚನ್ನಗಿರಿಯ ಖೇಣಿದಾರರ ಹಾಗೆ.

ಆದರೆ ಇಂಥ ಕಂಪನಿಯಲ್ಲೂ ಮೂರನೇ ತುಂಡಿನ ಮೇಲೆ ಒಂದು ಕಣ್ಣಿರಲಿ. ಕಂಪನಿ ತನ್ನದೇ ಷೇರು ವಾಪಸ್ ಕೊಂಡರೆ, ಅಂದರೆ ಬೈಬ್ಯಾಕ್ ಮಾಡಿದರೆ, ಸ್ವಂತ ಬಂಡವಾಳ ಕಡಿಮೆಯಾಗುತ್ತದೆ. 2017ರಲ್ಲಿ ಇನ್ಫೊಸಿಸ್ 13,000 ಕೋಟಿ ರೂಪಾಯಿಯ ಬೈಬ್ಯಾಕ್ ಮಾಡಿತ್ತು. ಸುಮ್ಮನೆ ಬಿದ್ದಿದ್ದ ದುಡ್ಡನ್ನು ಷೇರುದಾರರಿಗೆ ಕೊಡುವುದು ಒಳ್ಳೆಯದೇ ಇರಬಹುದು. ಆದರೆ ಅಂಥ ವರ್ಷ ಆರ್‌ಒಇ ಏರಿದರೆ, ಅದರಲ್ಲಿ ವ್ಯಾಪಾರ ಸುಧಾರಿಸಿದ್ದೆಷ್ಟು, ಕೆಳಗಿನ ಸಂಖ್ಯೆ ಇಳಿದದ್ದೆಷ್ಟು ಅಂತ ಬೇರೆ ಮಾಡಿ ನೋಡಬೇಕು.

ಬ್ಯಾಂಕುಗಳನ್ನು ಮಾತ್ರ ಈ ಸಾಲಿನಲ್ಲಿ ಕೂರಿಸಬೇಡಿ. ಜನರ ಠೇವಣಿಯೇ ಅವರ ಸರಕು, ಲಿವರೇಜ್ ಹತ್ತು ಪಟ್ಟಿಗಿಂತ ಹೆಚ್ಚಿರುವುದು ಅಲ್ಲಿ ಮಾಮೂಲು. ಬ್ಯಾಂಕನ್ನು ಬ್ಯಾಂಕಿನ ಜೊತೆ, ಕಿರಾಣಿಯನ್ನು ಕಿರಾಣಿಯ ಜೊತೆ ಹೋಲಿಸಿದರಷ್ಟೇ ಅರ್ಥ.

ಯಾವ ದಿನದ ಲೆಕ್ಕ?

ಒಂದು ಮಿತಿ ತಿಳಿದಿರಲಿ. ಮಾರಾಟ ಮತ್ತು ಲಾಭ ಇಡೀ ವರ್ಷದ್ದು, ಆಸ್ತಿ ಮಾತ್ರ ಮಾರ್ಚ್ 31ರ ಒಂದೇ ದಿನದ್ದು. ಸೀಸನ್ ವ್ಯವಹಾರದಲ್ಲಿ ಇದು ದಾರಿ ತಪ್ಪಿಸುತ್ತದೆ. ಖೇಣಿದಾರರು ಮಾರ್ಚ್ ಹೊತ್ತಿಗೆ ಅಡಿಕೆ ಮಾರಿ ಸಾಲ ತೀರಿಸಿದ್ದರೆ, ಆ ದಿನದ ಆಸ್ತಿ ಸಣ್ಣದಾಗಿ ಕಾಣುತ್ತದೆ. ಲಿವರೇಜ್ 1ಕ್ಕೆ ಹತ್ತಿರ, ಟರ್ನೋವರ್ ಜೋರು. ಸುಗ್ಗಿಯ ನಡುವೆ ಅದೇ ಮನುಷ್ಯ ಕುತ್ತಿಗೆವರೆಗೆ ಸಾಲದಲ್ಲಿರಬಹುದು. ಸಾಧ್ಯವಿದ್ದರೆ ಮೂರು ತಿಂಗಳಿಗೊಮ್ಮೆಯ ಸಂಖ್ಯೆ ಕೇಳಿ ಸರಾಸರಿ ಹಿಡಿಯಿರಿ. ಕನಿಷ್ಠ ವರ್ಷದ ಮೊದಲ ದಿನ ಮತ್ತು ಕೊನೆಯ ದಿನದ ಸರಾಸರಿಯಾದರೂ ಇರಲಿ.

ಊರಿಂದ ಫೋನ್ ಬಂದಾಗ ಮಾವನಿಗೆ ಕೇಳಬೇಕಾದ್ದು ಇಷ್ಟೇ: ಮೂರು ವರ್ಷದ ಮಾರಾಟ, ಲಾಭ, ಒಟ್ಟು ಆಸ್ತಿ, ಸ್ವಂತ ಬಂಡವಾಳ. ಹನ್ನೆರಡು ಸಂಖ್ಯೆ. “ಲಾಭದಲ್ಲಿ ನಿಮ್ಮ ಸಂಬಳ ಕಳೆದಿದ್ದೀರಾ ಮಾವ?” ಅಂತ ಒಂದು ಮಾತು ಸೇರಿಸಿ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಐದು ನಿಮಿಷದ ಕೆಲಸ. ಮಾರ್ಜಿನ್ ಮತ್ತು ಟರ್ನೋವರ್ ನಿಂತ ಜಾಗದಲ್ಲಿದ್ದು 24 ಬರುತ್ತಿದ್ದರೆ ಮಾತು ಮುಂದುವರಿಸಬಹುದು. ಅವೆರಡೂ ಇಳಿಯುತ್ತಾ ಲಿವರೇಜ್ ಒಂದೇ ಏರುತ್ತಿದ್ದರೆ, ನಿಮ್ಮ ದುಡ್ಡು ಕೇಳುತ್ತಿರುವುದು ವ್ಯಾಪಾರ ಬೆಳೆಸಲಿಕ್ಕಲ್ಲ, ಹಳೆಯ ಬಾಕಿ ತೀರಿಸಲಿಕ್ಕೆ ಇರಬಹುದು. ಆಗ ಸಂಬಂಧಕ್ಕೆ ಅಂತ ಕೊಡುವುದಾದರೆ ಕೊಡಿ, ಆದರೆ 24 ಪರ್ಸೆಂಟಿನ ಆಸೆಗೆ ಬೇಡ.